ಫೆಲಾ ಚಿಕ್ಕಮ್ಮ ಬರೆದ ಪುಟ

ಅಮ್ಮನಿಗಾಗಿ ಆಲ್ಬಮ್ ಮಾಡುವಾಗ ಒಬ್ಬರನ್ನು ನಾನು ಕತ್ತರಿಸಿ ತೆಗೆದೆ. ಗೊತ್ತಿದ್ದೇ ತೆಗೆದೆ. ಅಮ್ಮನಿಗೆ ಒಳ್ಳೆಯದಾಗಲಿ ಎಂದೇ ತೆಗೆದೆ.

ನನ್ನ ಅಮ್ಮನ ಹೆಸರು ಲೆಯೋಕಾದಿಯಾ. ಹತ್ತಿರದವರಿಗೆ ಲೋಜಾ. ಪೋಲೆಂಡಿನ ವುಚ್ ನಗರದ ಹತ್ತಿ ಗಿರಣಿಯೊಂದರಲ್ಲಿ ಮೂವತ್ತೊಂದು ವರ್ಷ ಬಟ್ಟೆ ಪರೀಕ್ಷೆ ಮಾಡುತ್ತಿದ್ದಳು. ಮಗ್ಗದಿಂದ ಬಂದ ಬಟ್ಟೆ ಓರೆಯಾದ ಮೇಜಿನ ಮೇಲೆ, ದೀಪದ ಎದುರು, ನಿಧಾನವಾಗಿ ಹರಿದು ಬರುತ್ತಿತ್ತಂತೆ. ಅಮ್ಮ ಕಣ್ಣು ನೆಟ್ಟು ನೋಡುತ್ತ, ಮೇಲೆ ಅಂಗೈ ಆಡಿಸುತ್ತ, ಕಡಿದ ನೂಲು, ಗಂಟು, ಎಣ್ಣೆಕಲೆ ಇದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ ದರ್ಜೆ ಹೇಳುತ್ತಿದ್ದಳು. ಅವಳು ಹೇಳಿದ ದರ್ಜೆಗೆ ಮೇಲ್ಮನವಿ ಇರಲಿಲ್ಲ. ಮನೆಯಲ್ಲೂ ಹಾಗೆಯೇ. ನನ್ನ ಅಕ್ಕ ಬೊಝೇನಾ ಮದುವೆಯಾಗುವ ಹುಡುಗನನ್ನು ಮೊದಲ ಸಲ ಕರೆತಂದಾಗ ಅಮ್ಮ ಅವನ ಕೋಟಿನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, "ಕೋಟು ಪರವಾಗಿಲ್ಲ" ಅಂದಿದ್ದಳು. ಆಮೇಲೆ ಎರಡು ವರ್ಷ ಅವನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕಳೆದ ವರ್ಷ ವಸಂತದಲ್ಲಿ ವೈದ್ಯರು ಅಮ್ಮನಿಗೆ ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅಮ್ಮ ದುಂಡಗೆ ಬರೆದಳು. ಹನ್ನೆರಡು ಅಂಕಿಗಳನ್ನೂ ಒಂದೇ ಬದಿಗೆ ತುಂಬಿಸಿದಳು. ಮರೆವಿನ ಕಾಯಿಲೆ, ಇನ್ನೂ ಆರಂಭದ ಹಂತ, ಅಂದರು ವೈದ್ಯರು. ವಾಪಸು ಬರುವಾಗ ಟ್ರಾಮಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಗಡಿಯಾರ ಕೆಟ್ಟೋಯ್ತು, ನಂಗೆ ಗೊತ್ತಾಯ್ತು. ಒಂದು ಮಾತು ಹೇಳ್ತೀನಿ ಮಿರ್ಕಾ. ನೀನೂ ನಿನ್ನಕ್ಕನೂ ನನ್ನ ಬೆನ್ನ ಹಿಂದೆ ಪಿಸುಪಿಸು ಅನ್ಬೇಡಿ. ತಲೆ ಹೋಗ್ತಿದೆ, ಕಿವಿ ಇನ್ನೂ ಇದೆ."

ವಾರಕ್ಕೆರಡು ದಿನ ಅವಳನ್ನು ಹಗಲು ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಲುದ್ಮೀಲಾ ಎಂಬ ಹೆಂಗಸು ಇಂಥ ಹಿರಿಯರ ಜೊತೆ ಕೆಲಸ ಮಾಡುತ್ತಾಳೆ. ಡಿಸೆಂಬರ್ ಒಂಬತ್ತು ಅಮ್ಮನ ಹೆಸರಿನ ಹಬ್ಬ, ಅಂದರೆ ಅದೇ ಹೆಸರಿನ ಸಂತಳ ದಿನ. ನಮ್ಮಲ್ಲಿ ವಯಸ್ಸಾದವರಿಗೆ ಹುಟ್ಟಿದ ದಿನಕ್ಕಿಂತ ಹೆಸರಿನ ದಿನವೇ ದೊಡ್ಡದು. ಯಾರೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಈ ಸಲ ಏನು ಉಡುಗೊರೆ ಕೊಡಲಿ ಎಂದು ಲುದ್ಮೀಲಾಳನ್ನು ಕೇಳಿದೆ.

"ಆಲ್ಬಮ್ ಮಾಡಿ," ಅಂದಳು. "ಪುಟಕ್ಕೆ ಒಂದೇ ಫೋಟೊ, ಹೆಚ್ಚಂದ್ರೆ ಎರಡು. ಹೊಳೆಯೋ ಕಾಗದ ಬೇಡ, ದೀಪದ ಬೆಳಕು ಬಿದ್ರೆ ಮುಖ ಕಾಣ್ಸಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಯಾರು, ಎಲ್ಲಿ ಅಂತ ಬರೀರಿ. ಹಳೇದರಿಂದ ಶುರು ಮಾಡಿ. ಅಸಲು ಫೋಟೊ ಅಂಟಿಸ್ಬೇಡಿ, ನಕಲು ಮಾಡ್ಸಿ. ಮತ್ತೆ ಒಂದು ಮಾತು. ಪರೀಕ್ಷೆ ಮಾಡ್ಬೇಡಿ. 'ಇದ್ಯಾರು ಹೇಳು' ಅಂತ ಕೇಳ್ಲೇಬೇಡಿ. 'ಇದು ಅಜ್ಜಿ, ಎಷ್ಟು ಚೆನ್ನಾಗಿ ನಗ್ತಿದ್ದಾರೆ' ಅಂತ ನೀವೇ ಹೇಳಿ. ಅವರಿಗೆ ಮಾತಾಡ್ಬೇಕು ಅನ್ಸಿದ್ರೆ ಮಾತಾಡ್ತಾರೆ."

ಮೂರು ವಾರ ಕೂತು ಮಾಡಿದೆ. ನಾನು ಬಟ್ಟೆ ದುರಸ್ತಿ ಅಂಗಡಿ ಇಟ್ಟುಕೊಂಡವಳು. ಜಿಪ್ ಬದಲಿಸುವುದು, ಪ್ಯಾಂಟಿನ ಅಂಚು ಮಡಿಸುವುದು ನನ್ನ ಕೆಲಸ. ಕತ್ತರಿ ನನ್ನ ಕೈಗೆ ಹೊಸತಲ್ಲ. ಅಮ್ಮ ಚಿಕ್ಕವಳಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ದಿನದ ಫೋಟೊ ಇತ್ತು. ಬಿಳಿ ಉಡುಪು, ಕೈಯಲ್ಲಿ ಮೇಣದ ಬತ್ತಿ. ಪಕ್ಕದಲ್ಲಿ ಅವಳ ತಂಗಿ ಫೆಲಿತ್ಸಿಯಾ, ಐದು ವರ್ಷದವಳು, ಅಕ್ಕನ ಭುಜ ಹಿಡಿದು ನಿಂತಿದ್ದಳು. ಈ ಫೆಲಾ ಚಿಕ್ಕಮ್ಮನನ್ನು ಅಮ್ಮ ಮಾತಾಡಿಸದೆ ಮೂವತ್ತಾರು ವರ್ಷವಾಗಿತ್ತು. ಗಿರಣಿಯಲ್ಲಿ ಏನೋ ಆಗಿತ್ತು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಅಜ್ಜಿಯ ಸಮಾಧಿಯ ಮುಂದೆ ಇಬ್ಬರೂ ಆಚೆ ಒಬ್ಬಳು, ಈಚೆ ಒಬ್ಬಳು ನಿಂತಿದ್ದನ್ನು ನಾನೇ ನೋಡಿದ್ದೇನೆ. ಸುಮ್ಮನೆ ಹಳೆ ನೋವು ಯಾಕೆ ಕೆದಕಬೇಕು ಎಂದುಕೊಂಡು ಚಿಕ್ಕಮ್ಮ ಇದ್ದ ಕಡೆಯೆಲ್ಲ ನಕಲಿನ ಅಂಚು ಕತ್ತರಿಸುತ್ತ ಹೋದೆ. ಪೂರ್ತಿ ಇಪ್ಪತ್ತನಾಲ್ಕು ಪುಟದಲ್ಲಿ ಅವಳಿರಲಿಲ್ಲ.

ಹಬ್ಬದ ದಿನ ಭಾನುವಾರ. ಅಮ್ಮನ ಮನೆಯಲ್ಲಿ ಗಿಣ್ಣಿನ ಕೇಕು, ಉಪ್ಪು ಮೀನು, ಗಾಜಿನ ಲೋಟದಲ್ಲಿ ಚಹಾ. ಅಕ್ಕ ದೊಡ್ಡ ಪೊಟ್ಟಣ ತಂದಿದ್ದಳು. ಬಿಚ್ಚಿದರೆ ಬಣ್ಣಬಣ್ಣದ ಒಂದು ಪುಟ್ಟ ಹೊದಿಕೆ. ಅದರ ಮೇಲೆ ಜಿಪ್ಪುಗಳು, ದೊಡ್ಡ ದೊಡ್ಡ ಗುಂಡಿಗಳು, ತುಪ್ಪಳದ ತುಂಡು, ಎಳೆಯುವ ದಾರ, ಗಿಲಕಿ.

"ಇಂಥವರ ಕೈಗೆ ಏನಾದ್ರೂ ಕೆಲಸ ಇರ್ಬೇಕಂತೆ ಅಮ್ಮ," ಅಂದಳು ಅಕ್ಕ. "ಎಲ್ಲಾ ಕಡೆ ಹುಡುಕಿ ತರ್ಸಿದ್ದು."

ಅಮ್ಮ ಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಗಿಲಕಿಯನ್ನು ಒಮ್ಮೆ ಅಲ್ಲಾಡಿಸಿದಳು.

"ಪಾಲಿಯೆಸ್ಟರ್. ಹೊಲಿಗೆನೂ ಸೊಟ್ಟ. ಯಾರ ಮಗುವಿಗೆ ಇದು?"

"ಅಮ್ಮ, ಅದು ನಿನಗೇ."

ಅಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ, ಅಕ್ಕನ ತೊಡೆಯ ಮೇಲಿಟ್ಟಳು. "ನಾನಿನ್ನೂ ಅಲ್ಲೀತನಕ ಹೋಗಿಲ್ಲ ಬೊಝೇನಾ. ಹೋದಾಗ ಕೊಡು."

ಅಕ್ಕನ ಮುಖ ಕೆಂಪಾಯಿತು. ಅದೇ ಗಡಿಬಿಡಿಯಲ್ಲಿ ನನ್ನ ಆಲ್ಬಮ್ ಎತ್ತಿಕೊಂಡು ಅಮ್ಮನ ಪಕ್ಕ ಕೂತಳು. ಅವಳು ಶಾಲೆಯಲ್ಲಿ ಪಾಠ ಹೇಳುವವಳು. ನಾನು ತಡೆಯುವುದರೊಳಗೆ ಪರೀಕ್ಷೆ ಶುರುವಾಗಿತ್ತು. ಇದ್ಯಾರಮ್ಮ? ಇದ್ಯಾವ ಊರು? ಹಳೆಯ ಫೋಟೊಗಳಿಗೆ ಅಮ್ಮ ಪಟಪಟ ಉತ್ತರ ಕೊಟ್ಟಳು. ಕೊನೆಯಲ್ಲಿ ಅಕ್ಕನ ಮಗಳ ಮದುವೆಯ ಫೋಟೊ ಬಂತು, ಎರಡೇ ವರ್ಷದ ಹಿಂದಿನದು. "ಇದ್ಯಾರು ಹೇಳು?" ಅಂದಳು ಅಕ್ಕ, ಕೆಳಗೆ ಬರೆದದ್ದನ್ನು ಅಂಗೈಯಲ್ಲಿ ಮುಚ್ಚಿ. ಅಮ್ಮ ನೋಡಿದಳು. ತುಟಿ ಅಲುಗಿತು. ಎಲ್ಲರೂ ಚಮಚ ಕೆಳಗಿಟ್ಟು ಕಾಯುತ್ತಿದ್ದರು. ಅಮ್ಮ ಎದ್ದು, "ಚಹಾ ಆರಿಹೋಯ್ತು" ಎಂದು ಅಡುಗೆಮನೆಗೆ ಹೋಗಿ, ಅಲ್ಲಿಂದ ಎಷ್ಟೋ ಹೊತ್ತು ಬರಲಿಲ್ಲ.

ಅಕ್ಕ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಡುವಾಗ ನನಗೆ ಹೇಳಿದಳು: "ನಂಗೆ ಅವಳು ನನ್ನ ಮಗಳ ಹೆಸರು ಹೇಳೋದು ಕೇಳ್ಬೇಕಿತ್ತು. ಅಷ್ಟೇ ಕಣೆ."

ಆದರೆ ಆಲ್ಬಮ್ ಮೂಲೆ ಸೇರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ನಾನು ಅಮ್ಮನ ಮನೆಗೆ ಹಾಯುತ್ತಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಅದು ತೆರೆದೇ ಇರುತ್ತಿತ್ತು. ಅಮ್ಮ ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಯಾರೂ ಕೇಳದಿದ್ದರೆ ಅವಳಿಗೇ ಎಷ್ಟೋ ನೆನಪಾಗುತ್ತಿತ್ತು. ಹೊದಿಕೆಯ ಬದಲಿಗೆ ನಾನು ಅಂಗಡಿಯ ತುಂಡುಬಟ್ಟೆಗಳನ್ನು ಅಂಗೈಯಗಲ ಕತ್ತರಿಸಿ, ಅಂಚು ಮಡಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟೆ. ಆಟಕ್ಕೆ ಎನ್ನಲಿಲ್ಲ. "ಅಮ್ಮ, ಇವೆಲ್ಲ ಬೆರಕೆಯಾಗಿಬಿಟ್ಟಿವೆ, ಬೇರೆಬೇರೆ ಮಾಡಿಕೊಡ್ತೀಯಾ?" ಅಂದೆ. ಅವಳು ಕನ್ನಡಕವನ್ನೂ ಹಾಕಲಿಲ್ಲ. ಪಾಪ್ಲಿನ್, ಸ್ಯಾಟೀನ್, ದಿಂಬಿನ ಬಟ್ಟೆ, ಕಾರ್ಡುರಾಯ್. ಬೆರಳ ತುದಿ ತಾಗಿದರೆ ಸಾಕು, ಹೆಸರು ಬರುತ್ತಿತ್ತು. ನಿನ್ನೆಯ ಊಟ ನೆನಪಿಲ್ಲದವಳಿಗೆ ನೂಲಿನ ದಪ್ಪ ನೆನಪಿತ್ತು. ಒಂದು ಬಿಳಿ ಫ್ಲಾನೆಲ್ ತುಂಡನ್ನು ಮಾತ್ರ ಯಾವ ಗುಂಪಿಗೂ ಸೇರಿಸದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮೆತ್ತಗಿದೆ, ಅದಕ್ಕೆ ಎಂದುಕೊಂಡೆ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಮೊದಲು ಅಮ್ಮ ನನ್ನನ್ನು ಕರೆದು ಪರಮಪ್ರಸಾದದ ಫೋಟೊ ತೋರಿಸಿದಳು. ನಾನು ಅಂಚು ಕತ್ತರಿಸಿದ್ದೆ, ಆದರೆ ಭುಜದ ಮೇಲಿನ ಪುಟ್ಟ ಕೈ ಹಾಗೇ ಉಳಿದಿತ್ತು. ನಾಲ್ಕು ಬೆರಳು, ಮಣಿಕಟ್ಟಿನವರೆಗೆ.

"ಇದು ಫೆಲಾದು. ಉಳಿದ ಫೆಲಾ ಎಲ್ಲಿ?"

ನಾನು ಪುಟ ತಿರುಗಿಸಲು ಹೋದೆ.

"ಪುಸ್ತಕದಲ್ಲಿ ಎಲ್ಲೂ ಇಲ್ಲ. ಮೂರು ಸಲ ನೋಡ್ದೆ. ಅಮ್ಮ ಇದ್ದಾರೆ, ಅಪ್ಪ ಇದ್ದಾರೆ, ನಾಯಿ ಕೂಡ ಇದೆ." ಅಮ್ಮನ ದನಿ ಇಳಿಯಿತು. "ಸತ್ತೋದ್ಲಾ ಮಿರ್ಕಾ? ಸತ್ತಾಗ ನಂಗೆ ಹೇಳಿದ್ರಾ? ಹೇಳಿದ್ದು ನಾನು ಮರ್ತುಬಿಟ್ನಾ?"

"ಇಲ್ಲಮ್ಮ, ಇದ್ದಾಳೆ. ಪಬ್ಯಾನಿತ್ಸೆಯಲ್ಲೇ ಇದ್ದಾಳೆ."

ಅವಳು ನಂಬಿದಳು, ಆದರೆ ಮರುದಿನ ಬೆಳಿಗ್ಗೆ ಪುಟ ತಿರುಗಿಸಿದಾಗ ಮತ್ತದೇ ಕೈ, ಮತ್ತದೇ ಪ್ರಶ್ನೆ. ಮೂರನೆಯ ದಿನ ಕಪ್ಪು ಶಾಲು ಹೊದ್ದು ಕೂತಿದ್ದಳು. ನನ್ನ ಕತ್ತರಿಯಿಂದಾಗಿ ಅಮ್ಮ ಬದುಕಿರುವ ತಂಗಿಗಾಗಿ ದಿನಾ ಶೋಕ ಆಚರಿಸುತ್ತಿದ್ದಳು.

ಕ್ರಿಸ್ಮಸ್ ಮುಗಿದ ಮೇಲೆ ಪಕ್ಕದ ಊರು ಪಬ್ಯಾನಿತ್ಸೆಗೆ ಟ್ರಾಮು ಹತ್ತಿದೆ. ಚಿಕ್ಕಮ್ಮ ಬಾಗಿಲಿನ ಸರಪಳಿ ತೆಗೆಯದೆಯೇ ನನ್ನನ್ನು ನೋಡಿದಳು.

"ಲೋಜಾ ಮಗಳು. ಮೂಗು ಅವಳದ್ದೇ. ಸತ್ಲಾ?"

ಇಬ್ಬರದೂ ಒಂದೇ ಪ್ರಶ್ನೆ. ಒಳಗೆ ಕೂರಿಸಿದಳು, ಚಹಾ ಕೊಟ್ಟಳು, ಸಕ್ಕರೆ ಡಬ್ಬಿ ಮುಂದೆ ಸರಿಸಲಿಲ್ಲ. ನಾನು ಎಲ್ಲ ಹೇಳಿದೆ. ಕಾಯಿಲೆ, ಆಲ್ಬಮ್, ಕೈ. ಫೋಟೊಗಳೇನಾದರೂ ಇದ್ದರೆ ನಕಲು ಮಾಡಿಸಿ ತಂದುಕೊಡುತ್ತೇನೆ ಎಂದೆ.

"ಮರ್ತುಬಿಟ್ಲಾ!" ಚಿಕ್ಕಮ್ಮ ನಕ್ಕಳು. "ಎಷ್ಟು ಸುಖ ನೋಡು ಅವಳಿಗೆ. ನಂಗೂ ಯಾರಾದ್ರೂ ಅದೊಂದು ಮಾತ್ರೆ ಕೊಡ್ಲಿ. ನಿಂಗೇನಾದ್ರೂ ಗೊತ್ತಾ, ಏನಾಯ್ತು ಅಂತ?"

"ಇಲ್ಲ ಚಿಕ್ಕಮ್ಮ."

"ಹೇಳೋದೂ ಇಲ್ಲ ಅವಳು. ಸೇನೆಯವರ ಆಡಳಿತ ಬಂದ ಮುಂದಿನ ವರ್ಷ. ನವೆಂಬರ್. ನಂಗೆ ಎಂಟು ತಿಂಗಳು. ಅಂಗಡಿಲಿ ಮಗುವಿಗೆ ಸುತ್ತೋಕೆ ಒಂದು ಗೇಣು ಬಟ್ಟೆ ಇಲ್ಲ. ನಾನೇ ಮಗ್ಗದಲ್ಲಿ ದಿನಾ ನೂರಾರು ಮೀಟರ್ ನೇಯ್ತೀನಿ, ನನ್ನ ಮಗುವಿಗೆ ಬಟ್ಟೆ ಇಲ್ಲ. ನಾಲ್ಕು ಮೀಟರ್ ಫ್ಲಾನೆಲ್ಲು ಹೊಟ್ಟೆಗೆ ಸುತ್ಕೊಂಡೆ. ಬಸುರಿ ಹೊಟ್ಟೆ ಯಾರು ಮುಟ್ಟಿ ನೋಡ್ತಾರೆ ಅಂತ. ಅವತ್ತು ಗೇಟಿನವರು ಮುಟ್ಟಿದ್ರು."

ಅವಳು ಕಿಟಕಿಯ ಪರದೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಮೇಲಧಿಕಾರಿ ಒಳ್ಳೆಯವನೇ. ಲೋಜಾನ ಕರ್ಸಿದ. 'ಇದು ನೀವು ರದ್ದಿ ಅಂತ ಬಿಟ್ಟ ತುಂಡಾ?' ಅಂತ ಕೇಳ್ದ. ಹಾಗೆ ಕೇಳಿದ್ದೇ ಬಾಗಿಲು ತೆಗೆದ ಹಾಗೆ. ಹೌದು ಅಂದಿದ್ರೆ ಮುಗೀತಿತ್ತು, ರದ್ದಿ ತುಂಡು ಒಯ್ದ್ರೆ ಕಳ್ಳತನ ಅಲ್ಲ. ಅವಳು ಆ ಬಟ್ಟೆ ಮೇಲೆ ಕೈ ಆಡಿಸಿದ್ಲು ಮಿರ್ಕಾ. ಆ ಕಡೆಯಿಂದ ಈ ಕಡೆಗೆ. ಆಮೇಲೆ, 'ಮೊದಲ ದರ್ಜೆ' ಅಂದ್ಲು. ನನ್ನ ಮುಖ ನೋಡ್ಲಿಲ್ಲ. ನನ್ನ ಕೆಲಸ ಹೋಯ್ತು, ಮಗುವಿಗೆ ಗಿರಣಿ ಶಿಶುವಿಹಾರ ಹೋಯ್ತು. ಹದಿನೆಂಟು ವರ್ಷ ಟ್ರಾಮು ಗುಡಿಸಿದೆ ನಾನು. ಕ್ಷಮಿಸು ಅಂತ ಒಂದು ಮಾತು. ಕಾಗದದಲ್ಲಾದ್ರೂ ಬರೀಬಹುದಿತ್ತು. ಈಗ ಅವಳಿಗೆ ನೆನಪೇ ಇಲ್ಲ ಅಂದ್ರೆ ನನ್ನ ಸಿಟ್ಟು ತಗೊಂಡು ಎಲ್ಲಿಗೆ ಹೋಗ್ಲಿ ನಾನು?"

ಫೋಟೊ ಕೊಡಲಿಲ್ಲ. ನಾನು ಬೂಟು ಹಾಕಿಕೊಳ್ಳುವಾಗ ಮಾತ್ರ ಕೇಳಿದಳು: "ನಿಜವಾಗ್ಲೂ ಕಪ್ಪು ಶಾಲು ಹೊದ್ದಿದ್ಲಾ?"

ಆ ಸಂಜೆಯೇ ಫ್ಲಾನೆಲ್ ತುಂಡನ್ನು ತೆಗೆದುಬಿಡೋಣ ಎಂದು ಅಮ್ಮನ ಮನೆಗೆ ಹೋದೆ. ಅವಳು ಜೇಬಿನ ಮೇಲೆ ಕೈ ಇಟ್ಟುಕೊಂಡು, "ಇದು ಬೇಡ, ಇದು ನಂದು" ಅಂದಳು. ಬಿಟ್ಟೆ.

ಜನವರಿಯ ಒಂದು ಗುರುವಾರ ಮಧ್ಯಾಹ್ನ ಅಮ್ಮನ ಮನೆಯ ಕರೆಗಂಟೆ ಸದ್ದಾಯಿತು. ಚಿಕ್ಕಮ್ಮ, ತಲೆಗೆ ಉಣ್ಣೆ ಟೊಪ್ಪಿ, ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. "ಫೋಟೊ ಕೊಟ್ಟು ಹೋಗ್ತೀನಿ. ಅಂಚೆಲಿ ಹಾಕಿದ್ರೆ ಕಳೆದುಹೋಗುತ್ತೆ," ಎಂದು ನನಗೆ ಹೇಳುವಷ್ಟರಲ್ಲಿ ಅಮ್ಮ ಹಿಂದಿನಿಂದ ಬಂದು ನಿಂತಳು.

"ಫೆಲಾ," ಅಂದಳು ಅಮ್ಮ. "ಎಷ್ಟು ದಪ್ಪ ಆಗಿದೀಯೇ!"

"ನೀನೇನು ಕಡ್ಡಿನಾ? ಕನ್ನಡಿ ಮುರ್ದು ಹೋಗಿದ್ಯಾ ಈ ಮನೇಲಿ?"

ಅಮ್ಮ ಅವಳ ಕೋಟು ಬಿಚ್ಚಿಸಿದಳು. ತೋಳಿನ ಬಟ್ಟೆ ಮುಟ್ಟಿ ನೋಡಿ ಮೂಗು ಮುರಿದಳು. ನಾನು ಚಹಾ ಇಟ್ಟೆ. ಡಬ್ಬಿಯ ಫೋಟೊಗಳು ಮೇಜಿನ ಮೇಲೆ ಹರಡಿಕೊಂಡವು. ಹೊಲದಲ್ಲಿ ಹೆಬ್ಬಾತು ಅಟ್ಟಿಸಿಕೊಂಡು ಬಂದದ್ದು, ಅಜ್ಜಿ ಹಾಲಿನ ಪಾತ್ರೆಗೆ ನೀರು ಬೆರೆಸುತ್ತಿದ್ದದ್ದು, ಒಂದೇ ಜೋಡಿ ಒಳ್ಳೆಯ ಬೂಟಿನಲ್ಲಿ ಇಬ್ಬರೂ ಸರದಿಯ ಮೇಲೆ ನೃತ್ಯಕ್ಕೆ ಹೋಗುತ್ತಿದ್ದದ್ದು. ಅಮ್ಮನೇ ಹೆಚ್ಚು ಮಾತಾಡಿದಳು. ಚಿಕ್ಕಮ್ಮನಿಗೆ ಮರೆತದ್ದನ್ನು ಅಮ್ಮ ತಿದ್ದುತ್ತಿದ್ದಳು. ಇವಳಿಗಾ ಕಾಯಿಲೆ ಎಂಬಂತೆ ಚಿಕ್ಕಮ್ಮ ನನ್ನ ಕಡೆ ನೋಡುತ್ತಿದ್ದಳು.

ಮಾತಿನ ನಡುವೆ ಅಮ್ಮ ಜೇಬಿನಿಂದ ಫ್ಲಾನೆಲ್ ತೆಗೆದು ಮೇಜಿನ ಮೇಲೆ ಹರಡಿದಳು. ಅಂಗೈ ಆಡಿಸಿದಳು, ಆ ಕಡೆಯಿಂದ ಈ ಕಡೆಗೆ. ಚಿಕ್ಕಮ್ಮನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮೊದಲ ದರ್ಜೆ," ಅಂದಳು ಅಮ್ಮ. ಆಮೇಲೆ ತಲೆಯೆತ್ತಿ ತಂಗಿಯನ್ನು ನೋಡಿದಳು. "ಅವತ್ತೂ ಇದನ್ನೇ ಹೇಳ್ದೆ. ರದ್ದಿ ಅನ್ಬೇಕಿತ್ತು ಫೆಲಾ."

ನಾವೆಲ್ಲ ತಪ್ಪು ತಿಳಿದಿದ್ದೆವು. ಈ ಕಾಯಿಲೆ ಮೊದಲು ಕೀಳುವುದು ಹೊಸದಾಗಿ ನೆಟ್ಟದ್ದನ್ನು. ಮೂವತ್ತಾರು ವರ್ಷದ ಹಿಂದಿನದು ಆಳಕ್ಕೆ ಇಳಿದಿತ್ತು. ಅಮ್ಮ ಯಾವತ್ತೂ ಅದನ್ನು ಮರೆತಿರಲಿಲ್ಲ.

"ಯಾಕೆ ಅನ್ಲಿಲ್ಲ?" ಚಿಕ್ಕಮ್ಮನ ದನಿ ಸಣ್ಣದಾಗಿತ್ತು.

"ಹೆದರಿದೆ. ನಂಗಿಂತ ಮೊದಲು ಆ ಮೇಜಿನಲ್ಲಿ ಕೆಲಸ ಮಾಡ್ತಿದ್ದವಳು ಸುಳ್ಳು ದರ್ಜೆ ಬರೆದು ಜೈಲಿಗೆ ಹೋಗಿದ್ಲು. ಇಬ್ಬರು ಹೆಣ್ಣುಮಕ್ಕಳು ನಂಗೆ. ಬೊಝೇನಾಗೆ ಕೆಮ್ಮು. ನಾನು ಹೆದರಿದೆ, ಆಮೇಲೆ ನಾಚಿಕೆ ಆಯ್ತು, ಆಮೇಲೆ ತುಂಬ ದಿನ ಆಗೋಯ್ತು. ಕ್ಷಮಿಸ್ತೀಯಾ?"

ಚಿಕ್ಕಮ್ಮ ಎದ್ದು ಕೋಟು ಹಾಕಿಕೊಂಡಳು. ಬಾಗಿಲ ಬಳಿ ಹೋಗಿ, ಹಿಂದೆ ತಿರುಗಿ, ಅಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಹಣೆ ಒತ್ತಿದಳು. ಇಬ್ಬರೂ ಅತ್ತರು. ನಾನು ಅಡುಗೆಮನೆಗೆ ಹೋದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಗುರುವಾರ ಚಿಕ್ಕಮ್ಮ ಮತ್ತೆ ಬಂದಳು, ಕೈಯಲ್ಲಿ ಗಸಗಸೆ ರೊಟ್ಟಿ. ಅಮ್ಮ ಬಾಗಿಲು ತೆಗೆದು ಬಿಳಿಚಿಕೊಂಡಳು. "ಫೆಲಾ! ಇಷ್ಟು ವರ್ಷ ಆದ ಮೇಲೆ..." ಎಂದು ಅಲ್ಲೇ ಗೋಡೆ ಹಿಡಿದುಕೊಂಡು, ರದ್ದಿ ಅನ್ನಬೇಕಿತ್ತು, ಹೆದರಿದೆ, ಕ್ಷಮಿಸು ಎಂದು ಮೊದಲಿನಿಂದ ಹೇಳಿದಳು. ಅದೇ ಕಣ್ಣೀರು. ಹಿಂದಿನ ವಾರ ಚಿಕ್ಕಮ್ಮ ಬಂದದ್ದು ಅವಳಿಂದ ಪೂರ್ತಿ ಅಳಿಸಿಹೋಗಿತ್ತು. ತಪ್ಪು ಉಳಿದಿತ್ತು, ಕ್ಷಮೆ ಕೇಳಿದ್ದು ಉಳಿದಿರಲಿಲ್ಲ. ಮೂರನೆಯ ಗುರುವಾರವೂ ಹಾಗೆಯೇ, ನಾಲ್ಕನೆಯದೂ. ಪ್ರತಿ ಸಲವೂ ಅವಳಿಗೆ ಅದು ಮೊದಲ ಸಲ. ಚಿಕ್ಕಮ್ಮ ಹೋದ ಮೇಲೆ ರಾತ್ರಿಯವರೆಗೂ ಅಮ್ಮನಿಗೆ ಎದೆ ಭಾರ, ಯಾಕೆಂದು ಅವಳಿಗೇ ತಿಳಿಯದು.

ಫೆಬ್ರವರಿಯಲ್ಲಿ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇನ್ನು ಬರಲ್ಲ ಮಿರ್ಕಾ. ಒಂದು ಮಾತು ಕೇಳಿದ್ದೆ ದೇವರ ಹತ್ರ, ಒಂದೇ ಒಂದು ಸಲ. ಇದೇನು ಇದು? ನಾನು ಬರೋದೇ ಅವಳಿಗೆ ಶಿಕ್ಷೆ ಆಗ್ತಿದೆ."

ಲುದ್ಮೀಲಾಳಿಗೆ ಹೇಳಿದೆ. ಅವಳು ಕೇಳಿದಳು: "ಆಲ್ಬಮ್ ಈಗಲೂ ದಿನಾ ಓದ್ತಾರಾ? ಬರೆದದ್ದನ್ನ ನಂಬ್ತಾರಾ?"

"ದಿನಾ ಓದ್ತಾಳೆ. ಅಕ್ಷರದಲ್ಲಿ ಇದ್ರೆ ನಂಬ್ತಾಳೆ."

"ಹಾಗಾದ್ರೆ ಆದದ್ದನ್ನ ಅದರಲ್ಲಿ ಬರೀರಿ. ಈಗಿನ ಫೋಟೊ ಹಾಕಿ. ನಿಮ್ಮ ಕೈಯಲ್ಲಲ್ಲ, ತಂಗಿ ಕೈಯಲ್ಲೇ ಬರೆಸಿ. ಕೈಬರಹ ಗುರುತು ಹಿಡೀತಾರೆ. ಚಿಕ್ಕ ಚಿಕ್ಕ ಸಾಲು. ಆದರೆ ನಿಜ ಇರ್ಬೇಕು. ಇವರು ದಿನಾ ಬೆಳಿಗ್ಗೆ ಅದನ್ನ ಓದ್ಕೊಂಡು ಬದುಕ್ತಾರೆ."

ಚಿಕ್ಕಮ್ಮನನ್ನು ಹೇಗೋ ಒಪ್ಪಿಸಿ ಕರೆಸಿದೆ. ಮುಂದಿನ ಗುರುವಾರ ಅಕ್ಕನೂ ಬಂದಳು. ಸೋಫಾದ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಅವಳೇ ಫೋಟೊ ತೆಗೆದಳು. ಅಮ್ಮನ ಕೆನ್ನೆ ಇನ್ನೂ ಒದ್ದೆಯಿತ್ತು. ಮುದ್ರಿಸಿ ತಂದು, ನಾನು ಅಡುಗೆಮನೆಯ ಮೇಜಿನ ಮೇಲೆ ಹೊಸ ಪುಟ ಇಟ್ಟು, ಚಿಕ್ಕಮ್ಮನ ಕೈಗೆ ದಪ್ಪ ಕಪ್ಪು ಪೆನ್ನು ಕೊಟ್ಟೆ. ಅಮ್ಮ ಒಳಗೆ ಮಲಗಿದ್ದಳು.

ಚಿಕ್ಕಮ್ಮ ಬರೆದಳು: *ಇದು ನಾವಿಬ್ಬರು, ಲೋಜಾ ಮತ್ತು ಫೆಲಾ. ಫೆಲಾ ಪ್ರತಿ ಗುರುವಾರ ಬರುತ್ತಾಳೆ. ಲೋಜಾ ಫ್ಲಾನೆಲ್ ವಿಷಯಕ್ಕೆ ಕ್ಷಮೆ ಕೇಳಿದಳು.*

ಅಲ್ಲಿಗೆ ಪೆನ್ನು ನಿಂತಿತು.

"ಬರಿ ಚಿಕ್ಕಮ್ಮ," ಅಂದಳು ಅಕ್ಕ.

"ಸುಮ್ನಿರು ಬೊಝೇನಾ. ಬಾಯಲ್ಲಿ ಹೇಳೋದು ಬೇರೆ. ಅವಳಿಗೆ ಮರ್ತೋಗುತ್ತೆ, ಗಾಳಿಲಿ ಹೋಗುತ್ತೆ. ಇದು ಹೋಗಲ್ಲ." ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ನನ್ನ ಮಗನ್ನ ಚಳಿಗಾಲದಲ್ಲಿ ನನ್ನ ಮದುವೆ ಹಾಸಿಗೆ ಬಟ್ಟೆ ಹರಿದು ಸುತ್ತಿದೆ. ಬೆಳಿಗ್ಗೆ ಮೂರು ಗಂಟೆಗೆ ಎದ್ದು, ಖಾಲಿ ಟ್ರಾಮಿನಲ್ಲಿ ಹೆಪ್ಪುಗಟ್ಟಿದ ವಾಂತಿ ಕೆರೀತಿದ್ದೆ. ಅದನ್ನೆಲ್ಲ ಒಂದು ಸಾಲಲ್ಲಿ ಬಿಟ್ಟುಕೊಡು ಅಂತೀರಾ?"

ಅವಳು ಬೇಡ ಎಂದಿದ್ದರೂ ನಾನು ಒಪ್ಪುತ್ತಿದ್ದೆ. ಮೂರು ಸಾಲಿನ ಪುಟವೂ ನಿಜವೇ. ಹೊರಗೆ ಯಾರೋ ಹಿಮ ಗುಡಿಸುವ ಸದ್ದು. ಒಳಗಿನಿಂದ ಅಮ್ಮ ಕೆಮ್ಮಿದಳು. ಚಿಕ್ಕಮ್ಮ ಆ ಕಡೆ ಕಿವಿಗೊಟ್ಟಳು. ಕೆಮ್ಮು ನಿಂತ ಮೇಲೆ ಕಾಗದದ ಮೇಲೆ ಬಗ್ಗಿ, ಶಾಲೆಯ ಹುಡುಗಿಯ ಹಾಗೆ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದಳು: *ಫೆಲಾ ಕ್ಷಮಿಸಿದ್ದಾಳೆ.*

ಪರಮಪ್ರಸಾದದ ಪುಟವನ್ನೂ ಬದಲಿಸಿದೆ. ಈಗ ಅಲ್ಲಿ ಇಡೀ ಫೋಟೊ ಇದೆ.

ಮುಂದಿನ ಗುರುವಾರ ಅಮ್ಮ ಬಾಗಿಲು ತೆಗೆದಾಗ ಬಿಳಿಚಿಕೊಂಡಳು, ಆದರೆ ಗೋಡೆ ಹಿಡಿಯಲಿಲ್ಲ. "ಒಂದ್ನಿಮಿಷ ನಿಲ್ಲು," ಎಂದು ಒಳಗೆ ಹೋಗಿ, ಪುಟ ತೆರೆದು, ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಕೊನೆಯ ಸಾಲು ಎರಡು ಸಲ ಓದಿದಳು. "ಇದು ನಿನ್ನ ಅಕ್ಷರ. ನಿನ್ನ ಹೆಸರಿನ ಮೊದಲ ಅಕ್ಷರ ಯಾವಾಗ್ಲೂ ಸೊಟ್ಟ ಬರೀತೀಯ," ಅಂದಳು. ಆಮೇಲೆ ಉಸಿರು ಬಿಟ್ಟು, "ಹಾಗಾದ್ರೆ ಕೂತ್ಕೋ. ಆಲೂಗಡ್ಡೆ ಸುಲಿಯೋಣ," ಅಂದಳು. ಆ ದಿನ ಹುಳಿಸಾರು ಮಾಡಿದರು. ಒಣಸೊಪ್ಪು ಎಷ್ಟು ಹಾಕಬೇಕೆಂದು ಇಬ್ಬರೂ ಜಗಳವಾಡಿದರು.

ಪ್ರತಿ ಗುರುವಾರವೂ ಅಷ್ಟು ಸುಲಭವಾಗಿರಲಿಲ್ಲ. ಕೆಲವು ದಿನ ಓದಿಯೂ ಅತ್ತಳು. ಬೇಸಿಗೆಯ ಹೊತ್ತಿಗೆ ಅಕ್ಷರಗಳು ಅವಳಿಗೆ ಕಷ್ಟವಾಗತೊಡಗಿದವು. ಆಗ ಚಿಕ್ಕಮ್ಮ ಪಕ್ಕದಲ್ಲಿ ಕೂತು ತಾನೇ ಓದಿ ಹೇಳುತ್ತಿದ್ದಳು. ಅಕ್ಕ ತನ್ನ ಮಗಳ ಫೋಟೊ ತೋರಿಸುವಾಗ ಈಗ ಅಕ್ಷರ ಮುಚ್ಚುವುದಿಲ್ಲ. "ಇವಳು ನಿನ್ನ ಮೊಮ್ಮಗಳು ಅಮ್ಮ, ನಿನ್ನ ಹಾಗೇ ಹಟಮಾರಿ," ಎನ್ನುತ್ತಾಳೆ. ಅಮ್ಮ ನಗುತ್ತಾಳೆ. ಹೆಸರು ಹೇಳುವುದಿಲ್ಲ. ಅಕ್ಕ ಅದನ್ನು ಒಪ್ಪಿಕೊಂಡಿದ್ದಾಳೆ, ಪೂರ್ತಿಯಾಗಿ ಅಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಚಿಕ್ಕಮ್ಮನನ್ನು ಟ್ರಾಮಿನ ನಿಲ್ದಾಣದವರೆಗೆ ಬಿಡಲು ಹೋದೆ. ಅವಳು ನನ್ನ ತೋಳು ಹಿಡಿದು ನಡೆಯುತ್ತಿದ್ದವಳು ಹಠಾತ್ತನೆ ಹೇಳಿದಳು:

"ಆ ಕೊನೇ ಸಾಲು ಬರೆದ ದಿನ ನಾನು ಸುಳ್ಳು ಬರ್ದಿದ್ದೆ ಮಿರ್ಕಾ. ಅವಳು ಕೆಮ್ಮಿದ್ದು ಕೇಳಿ ತಡಿಯಕ್ಕಾಗ್ದೆ ಬರೆದೆ ಅಷ್ಟೆ. ಒಳಗೆ ಇನ್ನೂ ಸಿಟ್ಟಿತ್ತು."

"ಈಗ?"

"ಪ್ರತಿ ವಾರ ಅವಳ ಬಾಯಲ್ಲಿ ಕೇಳ್ದೆ. ಆಮೇಲೆ ನನ್ನ ಬಾಯಲ್ಲೇ ಓದಿದೆ. ಎಷ್ಟು ಸಲ ಅಂತ ಸುಳ್ಳು ಓದೋದು? ಯಾವುದೋ ಒಂದು ಗುರುವಾರ ನೋಡ್ತೀನಿ, ಸಿಟ್ಟು ಇಲ್ಲ. ಯಾವ ಗುರುವಾರ ಅಂತ ನಂಗೂ ನೆನಪಿಲ್ಲ."

ಟ್ರಾಮು ಬಂತು. ಇವರು ಮೆಟ್ಟಿಲನ್ನು ಯಾಕೆ ಇಷ್ಟು ಎತ್ತರ ಮಾಡುತ್ತಾರೋ ಎಂದು ಗೊಣಗುತ್ತ ಹತ್ತಿದಳು. ಸೀಟು ಸಿಕ್ಕಿತು. ಟ್ರಾಮು ತಿರುವು ದಾಟುವವರೆಗೂ ಅವಳು ನನ್ನ ಕಡೆ ತಿರುಗಲಿಲ್ಲ. ಎದುರಿಗೆ ಕೂತ ಹೆಂಗಸಿಗೆ ಏನನ್ನೋ ಹೇಳಲು ಆಗಲೇ ಶುರುಮಾಡಿದ್ದಳು.